ಪ್ಲವವೋ, ಪ್ಲವಂಗವೋ? ವಂಶವೃಕ್ಷದ ಒಂದು ಸಾಲು

ಕಳೆದ ಮಳೆಗಾಲದಲ್ಲಿ ದೊಡ್ಡಪ್ಪನ ಮಗ, ನಮ್ಮ ಅಣ್ಣ, ಮನೆತನದ ವಂಶವೃಕ್ಷವನ್ನು ಬರೆದು ಮುಗಿಸಿ ಎಲ್ಲರ ಮೊಬೈಲ್‌ಗೂ ಕಳುಹಿಸಿದ. ಮರದ ಚಿತ್ರ ಬಿಡಿಸಿ ಕೊಂಬೆಗಳಲ್ಲಿ ಹೆಸರು ತೂಗುಹಾಕುವ ಕೆಲಸಕ್ಕೆ ಅವನು ಹೋಗಿರಲಿಲ್ಲ. ನಾಲ್ಕು ಕಾಲಮ್ಮುಗಳ ಕೋಷ್ಟಕ ಮಾಡಿದ್ದ: ತಲೆಮಾರು, ಸಂಬಂಧ, ಹುಟ್ಟಿದ ವರ್ಷ, ಮೂಲ ಊರು. ಒಟ್ಟು 61 ಸಾಲುಗಳು. ಎರಡು ವರ್ಷ ಅಂಕೋಲೆ, ಕುಮಟೆ, ಶಿರಸಿ ಎಂದು ಓಡಾಡಿ, ಹಳೆಯ ಟ್ರಂಕುಗಳನ್ನು ತೆಗೆಸಿ, ಮುದುಕರನ್ನು ಮಾತಾಡಿಸಿ ಕೂಡಿಸಿದ ಕೆಲಸ ಅದು. ಅವನ ಶ್ರಮದ ಮೇಲೆ ನನಗಿರುವ ಗೌರವವನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವುದೆಲ್ಲ ಅದರಲ್ಲಿ ನಾನು ಕಂಡ ತಪ್ಪುಗಳ ಬಗ್ಗೆಯೇ. ಅವನು ಕೋಷ್ಟಕ ಮಾಡದಿದ್ದರೆ ಆ ತಪ್ಪುಗಳು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ಹೆಸರುಗಳನ್ನು ಬಿಟ್ಟು, ನನ್ನ ನಿದ್ದೆ ಕೆಡಿಸಿದ ಆರು ಸಾಲುಗಳನ್ನು ಇಲ್ಲಿ ಕೊಡುತ್ತೇನೆ.

| ತಲೆಮಾರು | ಸಂಬಂಧ | ಹುಟ್ಟಿದ ವರ್ಷ | ಮೂಲ ಊರು |
|---|---|---|---|
| 1 | ಮುತ್ತಜ್ಜ | 1893 | ಅಂಕೋಲೆ |
| 1 | ಮುತ್ತಜ್ಜಿ | 1907 | ಅಂಕೋಲೆ |
| 2 | ದೊಡ್ಡಜ್ಜಿ (ಅಜ್ಜನ ಅಕ್ಕ) | 1918 | ಶಿರಸಿ |
| 2 | ಚಿಕ್ಕಜ್ಜ (ಅಜ್ಜನ ತಮ್ಮ) | 1927 | ಅಂಕೋಲೆ |
| 2 | ಚಿಕ್ಕಜ್ಜಿ | 1938 | ಶಿರಸಿ |
| 3 | ದೊಡ್ಡಜ್ಜಿಯ ಮಗಳು | 1938 | ಶಿರಸಿ |

ಎರಡನೆಯ ಸಾಲನ್ನೂ ಮೂರನೆಯ ಸಾಲನ್ನೂ ಜೊತೆಗಿಟ್ಟು ಓದಿ. ಮುತ್ತಜ್ಜಿ 1907ರಲ್ಲಿ ಹುಟ್ಟಿದ್ದಾಳೆ, ಅವಳ ಹಿರಿಯ ಮಗಳು 1918ರಲ್ಲಿ. ತಾಯಿಗೂ ಮಗಳಿಗೂ ಹನ್ನೊಂದು ವರ್ಷದ ಅಂತರ. ಒಂದೊಂದೇ ಸಾಲನ್ನು ಓದಿದರೆ ಎರಡೂ ನಂಬುವಂತಿವೆ, ಜೋಡಿಸಿದಾಗ ಮಾತ್ರ ನಿಲ್ಲುವುದಿಲ್ಲ. ಇಂಥ ಕೋಷ್ಟಕ ಕೈಗೆ ಬಂದಾಗ ನಾನು ಮೊದಲು ಮಾಡುವುದು ಈ ಕಳೆಯುವ ಲೆಕ್ಕವನ್ನೇ. ತಾಯಿಯ ವರ್ಷವನ್ನು ಮಗುವಿನ ವರ್ಷದಿಂದ ಕಳೆಯಬೇಕು. ಉಳಿದದ್ದು ಹದಿನೈದಕ್ಕಿಂತ ಕಡಿಮೆಯಾಗಿದ್ದರೆ, ಇಲ್ಲವೇ ನಲವತ್ತೈದಕ್ಕಿಂತ ಹೆಚ್ಚಾಗಿದ್ದರೆ, ಆ ಎರಡರಲ್ಲಿ ಒಂದನ್ನು ಮತ್ತೆ ಹೋಗಿ ನೋಡಬೇಕು. ಅಪ್ಪನಿಗೂ ಮಗುವಿಗೂ ಇರುವ ಅಂತರ ಇಷ್ಟು ಖಚಿತವಾಗಿ ಏನನ್ನೂ ಹೇಳುವುದಿಲ್ಲ. ತಾಯಿಯದು ಹೇಳುತ್ತದೆ.

ಅಣ್ಣನಿಗೆ ಫೋನ್ ಮಾಡಿದೆ. ಅವನು ಬೇಸರಿಸಲಿಲ್ಲ. "ಎರಡೂ ಜಾತಕ ನೋಡಿಯೇ ಬರೆದದ್ದು. ನೀನೇ ಬಂದು ನೋಡು," ಎಂದ. ಕಾರವಾರದಿಂದ ಅಂಕೋಲೆಗೆ ಬಸ್ಸಿನಲ್ಲಿ ಒಂದು ತಾಸಿನ ದಾರಿ. ಮರುದಿನವೇ ಹೋದೆ.

ಮೊದಲು ಮಗಳ ಜಾತಕ. ಅದು ಕೆಡದೆ ಚೆನ್ನಾಗಿತ್ತು: ಕಾಳಯುಕ್ತಿ ಸಂವತ್ಸರ, ಶಕ 1840, ಮಾಘ ಬಹುಳ. ಶಕ ವರ್ಷಕ್ಕೆ 78 ಕೂಡಿಸಿದರೆ ಇಸವಿ ಸಿಗುತ್ತದೆಂದು ಎಲ್ಲರೂ ಬಲ್ಲರು, ಅಣ್ಣನೂ ಹಾಗೆಯೇ ಮಾಡಿ 1918 ಎಂದು ಬರೆದಿದ್ದ. ಆದರೆ ಸಂವತ್ಸರ ಬದಲಾಗುವುದು ಯುಗಾದಿಗೆ, ಇಸವಿ ಬದಲಾಗುವುದು ಜನವರಿಗೆ. 1918ರ ಯುಗಾದಿಗೆ ಆರಂಭವಾದ ಕಾಳಯುಕ್ತಿ ಮುಗಿದದ್ದು 1919ರ ಯುಗಾದಿಯ ಹಿಂದಿನ ದಿನ. ಮಾಘವೂ ಫಾಲ್ಗುಣವೂ ಆ ಬಾಲದಲ್ಲಿ ಬರುವ ತಿಂಗಳುಗಳು, ಅವುಗಳಿಗೆ 79 ಕೂಡಿಸಬೇಕು. ಪುಷ್ಯ ಮಾಸ ಡಿಸೆಂಬರಿಗೂ ಜನವರಿಗೂ ಹರಡಿಕೊಳ್ಳುವುದರಿಂದ ಅಲ್ಲಿ ತಿಥಿಯನ್ನೇ ನೋಡಿ ನಿರ್ಧರಿಸಬೇಕಾಗುತ್ತದೆ. ಹಾಗಾಗಿ ದೊಡ್ಡಜ್ಜಿ ಹುಟ್ಟಿದ್ದು 1919ರಲ್ಲಿ. ಮನೆಯಲ್ಲಿ ಅವಳನ್ನು 'ಜ್ವರದ ವರ್ಷದ ಮಗು' ಎನ್ನುತ್ತಿದ್ದರು. 1918ರ ಮಳೆಗಾಲ ಮುಗಿಯುವ ಹೊತ್ತಿಗೆ ಇನ್‌ಫ್ಲುಯೆಂಜಾ ಮುಂಬಯಿ ಪ್ರಾಂತದ ತುಂಬ ಹರಡಿತ್ತು. ಆಗ ನಮ್ಮ ಜಿಲ್ಲೆಯೂ ಆ ಪ್ರಾಂತದಲ್ಲೇ ಇತ್ತು. ಜ್ವರದ ಹೊತ್ತಿಗೆ ದೊಡ್ಡಜ್ಜಿ ಹೊಟ್ಟೆಯಲ್ಲಿದ್ದಳು. ಸಂವತ್ಸರ ಅದೇ, ಇಸವಿ ಮಾತ್ರ ಬೇರೆ.

ಇದರಿಂದ ತಾಯಿ-ಮಗಳ ಗಂಟೇನೂ ಬಿಡಿಸಲಿಲ್ಲ. 1907ರ ಕೊನೆಗೆ ಹುಟ್ಟಿದವಳು 1919ರ ಆರಂಭಕ್ಕೆ ಹೆತ್ತಳೆಂದರೆ ಆಗಲೂ ಹನ್ನೆರಡು ವರ್ಷ ತುಂಬಿರುವುದಿಲ್ಲ. ತಪ್ಪು ಇದ್ದದ್ದು ತಾಯಿಯ ಸಾಲಿನಲ್ಲಿ.

ಮುತ್ತಜ್ಜಿಯ ಜಾತಕ ನಾಲ್ಕಾಗಿ ಮಡಚಿದ ದಪ್ಪ ಕಾಗದ, ದೇವನಾಗರಿ ಲಿಪಿಯಲ್ಲಿ ಬರೆದದ್ದು. ಮಡಿಕೆಗಳು ಕೂಡುವ ನಡುಜಾಗದಲ್ಲಿ ಹುಳು ತಿಂದು ಕಡಲೆಕಾಳಿನಷ್ಟು ತೂತಾಗಿತ್ತು. ಬಟ್ಟೆಯ ಮೇಲೆ ಹರವಿ, ಅಂಗಳದ ಬೆಳಕಿನಲ್ಲಿ ನಾವಿಬ್ಬರೂ ಬಗ್ಗಿ ನೋಡಿದೆವು. 'ಶಾಲಿವಾಹನ ಶಕೆ 182' ಎಂದಿದೆ, ನಾಲ್ಕನೆಯ ಅಂಕಿ ಇರಬೇಕಾದ ಕಡೆ ತೂತು. ಮುಂದಿನ ಸಾಲಿನಲ್ಲಿ 'ಪ್ಲವ' ಎಂದಿದೆ, ಅದರಾಚೆ ಅದೇ ತೂತಿನ ಇನ್ನೊಂದು ಅಂಚು. ಮತ್ತೆ 'ಆಶ್ವಿನ ಶುದ್ಧ 15, ಭಾನುವಾಸರ' ಎಂಬುದು ಸ್ಪಷ್ಟವಾಗಿದೆ. ನಕ್ಷತ್ರದ ಹೆಸರು ಇದ್ದ ಜಾಗದಲ್ಲಿ ಮಸಿ ಹರಡಿ ನೀಲಿ ಕಲೆ ಉಳಿದಿದೆ.

ಅರವತ್ತು ಸಂವತ್ಸರಗಳಲ್ಲಿ 'ಪ್ಲವ' ಎಂದು ಆರಂಭವಾಗುವವು ಎರಡು. ಮೂವತ್ತೈದನೆಯದು ಪ್ಲವ, ನಲವತ್ತೊಂದನೆಯದು ಪ್ಲವಂಗ. ಆ ಸುತ್ತಿನಲ್ಲಿ ಪ್ಲವ ಬಂದದ್ದು ಶಕ 1823ರಲ್ಲಿ, ಎಂದರೆ 1901-02. ಪ್ಲವಂಗ ಬಂದದ್ದು ಶಕ 1829ರಲ್ಲಿ, ಎಂದರೆ 1907-08. ಎರಡೂ 182ರಿಂದಲೇ ಆರಂಭವಾಗುವ ಶಕಗಳು. ಹುಳು ತಿಂದದ್ದು ಸರಿಯಾಗಿ ಇವೆರಡನ್ನು ಬೇರೆ ಮಾಡುವ ಅಂಕಿಯನ್ನೂ ಅಕ್ಷರವನ್ನೂ. ಅಣ್ಣ ತೂತಿನಲ್ಲಿ ಇನ್ನೂ ಒಂದಕ್ಷರ ಇದ್ದಿರಬೇಕೆಂದುಕೊಂಡು ಪ್ಲವಂಗ ಎಂದು ಓದಿದ್ದ. ಅದು ಅಸಡ್ಡೆಯಲ್ಲ, ಆ ತೂತಿನಲ್ಲಿ ಒಂದಕ್ಷರಕ್ಕೆ ಸಾಕಷ್ಟು ಜಾಗವಿದೆ.

ಪ್ಲವ ಎಂದು ಹಿಡಿದರೆ ಮುತ್ತಜ್ಜಿ ಹದಿನೇಳು ದಾಟಿದ ಮೇಲೆ ತಾಯಿಯಾಗಿದ್ದಾಳೆ. ಆ ಕಾಲಕ್ಕೆ ಅದು ಸರಿಹೊಂದುತ್ತದೆ. ಆದರೆ ಸರಿಹೊಂದುತ್ತದೆ ಎಂಬ ಕಾರಣಕ್ಕೇ ವರ್ಷವನ್ನು ತಿದ್ದುವುದು ನನಗೆ ಒಪ್ಪಿಗೆಯಾಗಲಿಲ್ಲ. ಲೆಕ್ಕ ಕೂಡಲೆಂದು ತಿದ್ದಿದ ಅಂಕಿ ಮುಂದೆ ಯಾರಿಗೂ ಅನುಮಾನ ಹುಟ್ಟಿಸುವುದಿಲ್ಲ, ಆದ್ದರಿಂದ ಅದನ್ನು ಯಾರೂ ಪರೀಕ್ಷಿಸುವುದೂ ಇಲ್ಲ. ಕಾಗದದೊಳಗಿನ ಸಾಕ್ಷಿಯೇ ಬೇಕಿತ್ತು.

ಮೊದಲು ಹೊಳೆದದ್ದು ವಾರ. ಆಶ್ವಿನ ಹುಣ್ಣಿಮೆ ಯಾವ ವರ್ಷ ಭಾನುವಾರ ಬಂದಿತ್ತು ಎಂದು ನೋಡಿದರೆ ಮುಗಿಯಿತು ಎಂದುಕೊಂಡೆ. 1901ರಲ್ಲಿ ಅದು ಅಕ್ಟೋಬರ್ 27, ಭಾನುವಾರ. 1907ರಲ್ಲಿ ಅಕ್ಟೋಬರ್ 21, ಸೋಮವಾರ. ಗೆದ್ದೆ ಎಂದು ಹಿಗ್ಗಿದೆ. ನಮ್ಮ ಮನೆಗೆ ಬರುವ ಜೋಯಿಸರಿಗೆ ತೋರಿಸಿದಾಗ ಅವರು ತಲೆಯಾಡಿಸಿದರು. ಹುಣ್ಣಿಮೆ ತಿಥಿ ಸೂರ್ಯೋದಯಕ್ಕೆ ಆರಂಭವಾಗಿ ಸೂರ್ಯೋದಯಕ್ಕೆ ಮುಗಿಯುವುದಿಲ್ಲ. 1907ರಲ್ಲಿ ಭಾನುವಾರ ಮಧ್ಯಾಹ್ನದ ನಂತರವೇ ಹುಣ್ಣಿಮೆ ಹತ್ತಿತ್ತು, ಸೋಮವಾರ ಮಧ್ಯಾಹ್ನದವರೆಗೂ ಇತ್ತು. ಆ ಭಾನುವಾರ ರಾತ್ರಿ ಹುಟ್ಟಿದ ಮಗುವಿನ ಜಾತಕದಲ್ಲೂ 'ಶುದ್ಧ 15, ಭಾನುವಾಸರ' ಎಂದೇ ಬರೆಯುತ್ತಾರೆ. ಕ್ಯಾಲೆಂಡರಿನಲ್ಲಿ ಅಚ್ಚಾದ ತಿಥಿ ಸೂರ್ಯೋದಯದ ತಿಥಿ, ಜಾತಕದ್ದು ಹುಟ್ಟಿದ ಗಳಿಗೆಯ ತಿಥಿ. ಈ ಭೇದ ಗೊತ್ತಿಲ್ಲದೆ ವಾರವನ್ನು ನೆಚ್ಚಿಕೊಂಡರೆ ಒಂದು ದಿನದ ವ್ಯತ್ಯಾಸದಲ್ಲಿ ಸುಲಭವಾಗಿ ಜಾರಿ ಬೀಳುತ್ತೇವೆ. ನಾನು ಬಿದ್ದಿದ್ದೆ.

"ಕುಂಡಲಿ ಇದೆಯಲ್ಲ, ಅದನ್ನು ನೋಡುವುದು ಬಿಟ್ಟು ವಾರ ನೋಡುತ್ತೀರಲ್ಲ," ಎಂದರು ಜೋಯಿಸರು.

ಕಾಗದದ ಕೆಳಭಾಗದಲ್ಲಿ ಕರ್ಣಗಳನ್ನೆಳೆದ ಚೌಕದ ಕುಂಡಲಿ ಇತ್ತು. ಮನೆಗಳಲ್ಲಿ ರಾಶಿಯ ಅಂಕಿ, ಗ್ರಹದ ಮೊದಲಕ್ಷರ. ತೂತು ಅಲ್ಲಿಗೆ ಮುಟ್ಟಿರಲಿಲ್ಲ. ಜೋಯಿಸರು ಬೆರಳಿಟ್ಟದ್ದು 9 ಎಂದು ಬರೆದ ಮನೆಯ ಮೇಲೆ, ಎಂದರೆ ಧನು ರಾಶಿ. ಅಲ್ಲಿ ಗುರುವಿನ ಅಕ್ಷರವೂ ಶನಿಯ ಅಕ್ಷರವೂ ಒತ್ತೊತ್ತಾಗಿ ಕುಳಿತಿದ್ದವು.

ಗುರು ಹನ್ನೆರಡು ರಾಶಿಗಳನ್ನು ಸುತ್ತಲು ಸುಮಾರು ಹನ್ನೆರಡು ವರ್ಷ ತೆಗೆದುಕೊಳ್ಳುತ್ತದೆ, ವರ್ಷಕ್ಕೆ ಹೆಚ್ಚುಕಡಿಮೆ ಒಂದು ರಾಶಿ. ಪ್ಲವಕ್ಕೂ ಪ್ಲವಂಗಕ್ಕೂ ನಡುವೆ ಆರು ವರ್ಷ. ಆರು ವರ್ಷದಲ್ಲಿ ಗುರು ಚಕ್ರದ ಎದುರು ದಿಕ್ಕಿಗೆ ಹೋಗಿರುತ್ತದೆ. 1901ರ ಅಕ್ಟೋಬರಿನಲ್ಲಿ ಗುರು ಧನುವಿನಲ್ಲಿತ್ತು, 1907ರ ಅಕ್ಟೋಬರಿನಲ್ಲಿ ಕರ್ಕದಲ್ಲಿ. ಶನಿಯ ಸಾಕ್ಷಿಯೂ ಇದೆ. ಗುರು-ಶನಿ ಕೂಡುವುದು ಇಪ್ಪತ್ತು ವರ್ಷಕ್ಕೊಮ್ಮೆ, ಆ ಸಲ ಕೂಡಿದ್ದು 1901ರ ನವೆಂಬರ್ ಕೊನೆಯಲ್ಲಿ. ಒಂದು ತಿಂಗಳ ಮೊದಲು ಹುಟ್ಟಿದ ಮಗುವಿನ ಕುಂಡಲಿಯಲ್ಲಿ ಅವೆರಡೂ ಒಂದೇ ಮನೆಯಲ್ಲಿ ಇರಲೇಬೇಕು. 1907ರ ಮಗುವಿಗೆ ಹಾಗಿರಲು ಸಾಧ್ಯವೇ ಇಲ್ಲ. ಜಾತಕದ ಫಲವನ್ನು ನಂಬುವವರು ನಂಬಲಿ, ಬಿಡುವವರು ಬಿಡಲಿ. ವಂಶವೃಕ್ಷ ಬರೆಯುವವರಿಗೆ ಕುಂಡಲಿ ಎಂಬುದು ಆಕಾಶದ ಸಹಿ ಇರುವ ದಿನಾಂಕ. ಅರವತ್ತು ವರ್ಷಗಳ ಚಕ್ರದಲ್ಲಿ ಯಾವ ಸುತ್ತು ಎಂಬ ಗೊಂದಲವನ್ನು ಮಾತ್ರ ಗುರು ಮತ್ತು ಶನಿ ಎರಡೇ ಬಿಡಿಸಲಾರವು. ಅರವತ್ತು ವರ್ಷಕ್ಕೆ ಇಬ್ಬರೂ ಹೆಚ್ಚುಕಡಿಮೆ ಅದೇ ಜಾಗಕ್ಕೆ ಮರಳುವುದರಿಂದ ಅಲ್ಲಿ ರಾಹುವನ್ನೂ ನೋಡಬೇಕೆಂದು ಜೋಯಿಸರು ಹೇಳಿದರು. ನಮ್ಮ ಕಾಗದದಲ್ಲಿ '182' ಉಳಿದಿದ್ದರಿಂದ ಆ ಕಷ್ಟ ಬರಲಿಲ್ಲ.

ಹೀಗೆ ಮುತ್ತಜ್ಜಿ ಆರು ವರ್ಷ ಹಿರಿಯಳಾದಳು.

ಈ ಸುದ್ದಿಯನ್ನು ಚಿಕ್ಕಜ್ಜಿಗೆ ಹೇಳಬೇಕೆನಿಸಿತು. ಚಿಕ್ಕಜ್ಜಿ ಈಗ ಶಿರಸಿಯಲ್ಲಿ ಮಗನ ಮನೆಯಲ್ಲಿದ್ದಾಳೆ. ಎಂಬತ್ತೈದು ದಾಟಿದೆ, ಕಿವಿ ಸ್ವಲ್ಪ ಮಂದ, ನೆನಪು ಮಾತ್ರ ಹರಿತ. ದೇವಿಮನೆ ಘಟ್ಟ ಹತ್ತಿ ಹೋಗುವಾಗ ಮಳೆ ಹಿಡಿದಿತ್ತು. ಹೋಗಿ ಕುಳಿತು, ಬಿಸಿ ಕಷಾಯ ಕುಡಿದು, ಮುತ್ತಜ್ಜಿ ಹುಟ್ಟಿದ ದಿನ ಸಿಕ್ಕಿತೆಂದೆ. ಆಶ್ವಿನ ಹುಣ್ಣಿಮೆ ಎಂಬ ಮಾತು ಕಿವಿಗೆ ಬಿದ್ದದ್ದೇ ಅವಳು, "ಗ್ರಹಣದ ಹುಣ್ಣಿಮೆ ತಮಾ, ಬರಿ ಹುಣ್ಣಿಮೆ ಅಲ್ಲ. ಗ್ರಹಣ ಹಿಡಿದಾಗ ಹುಟ್ಟಿದ ಕೂಸು ಎಂದು ಅಜ್ಜಿಗೆ ಶಾಂತಿ ಮಾಡಿಸಿದ್ದರಂತೆ. ಅವಳೇ ಹೇಳುತ್ತಿದ್ದಳು," ಎಂದಳು.

ನಾನು ಮನೆಗೆ ಬಂದು ಹಳೆಯ ಗ್ರಹಣಗಳ ಪಟ್ಟಿ ತೆಗೆದೆ. 1901ರ ಅಕ್ಟೋಬರ್ 27ರ ರಾತ್ರಿ ಖಂಡಗ್ರಾಸ ಚಂದ್ರಗ್ರಹಣ ಇತ್ತು. ದೊಡ್ಡದೇನಲ್ಲ, ಚಂದ್ರನ ಒಂದು ಅಂಚಷ್ಟೇ ನೆರಳಿಗೆ ಸಿಕ್ಕಿತ್ತು. ನಮ್ಮ ಸಮಯದಲ್ಲಿ ರಾತ್ರಿ ಒಂಬತ್ತಕ್ಕೆ ಸ್ವಲ್ಪ ಮೊದಲು ಅದರ ನಡುಗಾಲ. 1907ರ ಆಶ್ವಿನ ಹುಣ್ಣಿಮೆಗೆ ಗ್ರಹಣವೇ ಇರಲಿಲ್ಲ. ಅಂದರೆ ಈ ಪ್ರಶ್ನೆಯನ್ನು ಎರಡು ವರ್ಷ ಮೊದಲೇ ಚಿಕ್ಕಜ್ಜಿಗೆ ಕೇಳಿದ್ದರೆ ಸಾಕಿತ್ತು. ಅಣ್ಣ ಅವಳನ್ನು ಕೇಳಿದ್ದ, ಆದರೆ "ಮುತ್ತಜ್ಜಿ ಹುಟ್ಟಿದ್ದು ಯಾವ ಇಸವಿ?" ಎಂದು ಕೇಳಿದ್ದ. ಅವಳಿಗೆ ಇಸವಿ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದಿದ್ದಳು. ಕೋಷ್ಟಕದ ಕಾಲಮ್ಮಿನ ತಲೆಬರಹವನ್ನೇ ಪ್ರಶ್ನೆಯಾಗಿ ಕೇಳಿದರೆ ಹಿರಿಯರಿಂದ ಹೀಗೆ ಬರಿಗೈಯಲ್ಲಿ ಮರಳುತ್ತೇವೆ. ಹುಟ್ಟಿದಾಗ ಏನಾಗಿತ್ತು, ಯಾವ ಹಬ್ಬದ ಹತ್ತಿರ, ಯಾರ ಮದುವೆಗೆ ಮೊದಲು ಎಂದು ಕೇಳಿದರೆ ಉತ್ತರ ಬರುತ್ತದೆ, ಇಸವಿಯನ್ನು ನಾವು ಹುಡುಕಿಕೊಳ್ಳಬಹುದು.

ಚಿಕ್ಕಜ್ಜನ 1927ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಶಾಲೆಯ ದಾಖಲೆಯಿಂದ ಬಂದದ್ದು, ತಾರೀಖು ಜೂನ್ 1. ನಮ್ಮ 61 ಜನರಲ್ಲಿ ಏಳು ಜನ ಜೂನ್ 1ಕ್ಕೇ ಹುಟ್ಟಿದ್ದಾರೆ. ಶಾಲೆ ಆರಂಭವಾಗುವ ತಿಂಗಳಿಗೆ ವಯಸ್ಸು ತುಂಬಲೆಂದು ಹೆಡ್‌ಮಾಸ್ಟರು ಬರೆದ ತಾರೀಖು ಅದು. ಅದನ್ನು ಕಂಡರೆ ವರ್ಷದ ಮುಂದೆ 'ಸುಮಾರು' ಎಂದು ಬರೆದು ಮುಂದೆ ಹೋಗುವುದು ಒಳ್ಳೆಯದು.

ಚಿಕ್ಕಜ್ಜಿಯ ಮನೆಯಲ್ಲಿ ಕುಳಿತಿದ್ದಾಗಲೇ ಕೋಷ್ಟಕದ ಇನ್ನೊಂದು ಗಂಟು ಬಿಚ್ಚಿತು. ಮೇಲಿನ ಕೊನೆಯ ಎರಡು ಸಾಲುಗಳನ್ನು ನೋಡಿ. ಎರಡನೆಯ ತಲೆಮಾರಿನ ಚಿಕ್ಕಜ್ಜಿ, 1938, ಶಿರಸಿ. ಮೂರನೆಯ ತಲೆಮಾರಿನ ದೊಡ್ಡಜ್ಜಿಯ ಮಗಳು, 1938, ಶಿರಸಿ. ಅವರಿಬ್ಬರೂ ಒಬ್ಬಳೇ. ಅಂಕೋಲೆಯಿಂದ ಶಿರಸಿಗೆ ಮದುವೆಯಾಗಿ ಹೋದ ದೊಡ್ಡಜ್ಜಿಯ ಮಗಳನ್ನು ದೊಡ್ಡಜ್ಜಿಯ ಕಿರಿಯ ತಮ್ಮ, ಎಂದರೆ ಹುಡುಗಿಯ ಸೋದರಮಾವ, ಮದುವೆಯಾಗಿದ್ದ. ಅಣ್ಣನಿಗೆ ಇದು ತಿಳಿಯದ ವಿಷಯವಲ್ಲ. ಆದರೆ ಅವನು ಸಾಲುಗಳನ್ನು ಬರೆದುಕೊಂಡದ್ದು ಎರಡು ಮನೆಗಳ ಎರಡು ಪಟ್ಟಿಗಳಿಂದ. ಶಿರಸಿಯ ಪಟ್ಟಿಯಲ್ಲಿ ಅವಳ ಹುಟ್ಟುಹೆಸರು ಇತ್ತು, ಅಂಕೋಲೆಯ ಪಟ್ಟಿಯಲ್ಲಿ ಮದುವೆಯ ದಿನ ಅಕ್ಕಿಯಲ್ಲಿ ಬರೆದು ಇಟ್ಟ ಹೆಸರು. ಹೆಸರು ಎರಡಾದಾಗ ಮನುಷ್ಯಳೂ ಇಬ್ಬರಾದಳು. ಒಂದೇ ವರ್ಷ, ಒಂದೇ ಊರು, ಬೇರೆ ಹೆಸರು ಕಂಡರೆ ಕರಾವಳಿಯ ವಂಶಾವಳಿಗಳಲ್ಲಿ ಈ ಅನುಮಾನ ಮೊದಲು ಬರಬೇಕು.

ಸಾಲುಗಳನ್ನು ಒಂದು ಮಾಡುವುದು ಸುಲಭ. ಆದರೆ 'ತಲೆಮಾರು' ಕಾಲಮ್ಮಿನಲ್ಲಿ ಏನು ಬರೆಯಬೇಕು? ಹುಟ್ಟಿನಿಂದ ಅವಳು ಮೂರನೆಯವಳು, ಮದುವೆಯಿಂದ ಎರಡನೆಯವಳು. ಅವಳ ಮಕ್ಕಳು ಅಪ್ಪನ ಕಡೆಯಿಂದ ಮೂರನೆಯ ತಲೆಮಾರು, ಆಯಿಯ ಕಡೆಯಿಂದ ನಾಲ್ಕನೆಯದು. 'ಸಂಬಂಧ' ಕಾಲಮ್ಮು ಇನ್ನೂ ಕಷ್ಟದ್ದು. ನನ್ನ ಅಪ್ಪನಿಗೆ ಅವಳು ಸೋದರತ್ತೆಯ ಮಗಳೂ ಹೌದು, ಚಿಕ್ಕಪ್ಪನ ಹೆಂಡತಿಯೂ ಹೌದು. ಮುತ್ತಜ್ಜಿಗೆ ಅವಳು ಮೊಮ್ಮಗಳು ಮತ್ತು ಸೊಸೆ. ಕರೆಯುವಾಗ ಈ ತೊಡಕು ಬರುವುದಿಲ್ಲ. "ನೀನು ಮುತ್ತಜ್ಜಿಯನ್ನು ಏನೆಂದು ಕರೆಯುತ್ತಿದ್ದೆ?" ಎಂದು ಕೇಳಿದೆ. "ಅಜ್ಜಿ ಎಂದೇ. ಮದುವೆಯಾದ ಮೇಲೆ ಅತ್ತೆ ಎನ್ನಬೇಕು ಎಂದರು ಎಲ್ಲರೂ. ಬಾಯಿಗೆ ಬರಲಿಲ್ಲ," ಎಂದಳು.

ಸಂಬಂಧ ಎಂಬುದು ಯಾರ ಕಡೆಯಿಂದ ನೋಡುತ್ತೇವೆ ಎನ್ನುವುದರ ಮೇಲೆ ನಿಂತದ್ದು. ಅಣ್ಣನ ಕೋಷ್ಟಕದಲ್ಲಿ 'ಮುತ್ತಜ್ಜಿ' ಎಂದಿರುವುದು ಅವನಿಗೂ ನನಗೂ ಮಾತ್ರ ನಿಜ. ನನ್ನ ಮಗಳು ಅದೇ ಹಾಳೆಯನ್ನು ಹಿಡಿದ ದಿನ ಎರಡನೆಯ ಕಾಲಮ್ಮು ಪೂರ್ತಿ ತಪ್ಪಾಗುತ್ತದೆ. ಆದ್ದರಿಂದ ಈಗ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಕೊಟ್ಟು, ಅವರ ಸಾಲಿನಲ್ಲಿ ತಂದೆಯ ಸಂಖ್ಯೆ, ತಾಯಿಯ ಸಂಖ್ಯೆ, ಗಂಡ ಅಥವಾ ಹೆಂಡತಿಯ ಸಂಖ್ಯೆ ಬರೆದಿದ್ದೇವೆ. ಈ ಮೂರು ಇದ್ದರೆ ಉಳಿದ ಸಂಬಂಧವನ್ನೆಲ್ಲ ಓದುವವರು ತಮ್ಮಿಂದ ಲೆಕ್ಕ ಹಾಕಿಕೊಳ್ಳಬಹುದು. ತಲೆಮಾರಿಗೆ ಹುಟ್ಟಿನದನ್ನೇ ಹಿಡಿದೆವು. ಹಾಗೆ ಚಿಕ್ಕಜ್ಜಿ ಮೂರನೆಯ ತಲೆಮಾರಿಗೆ ಇಳಿದಳು. ಅವಳಿಗೆ ಹೇಳಿದಾಗ ನಕ್ಕಳು. "ಒಳ್ಳೆಯದಾಯಿತು, ವಯಸ್ಸು ಕಡಿಮೆಯಾಯಿತು."

ಇನ್ನು ಉಳಿದದ್ದು ಊರು. ನಾನು ಹೆಚ್ಚು ಹೊತ್ತು ಕಳೆದದ್ದು ಈ ಕಾಲಮ್ಮಿನ ಮುಂದೆ. ಅಣ್ಣ ಮದುವೆಯಾದ ಹೆಂಗಸರಿಗೆ ಹೆಚ್ಚಾಗಿ ಗಂಡನ ಊರನ್ನೇ ಬರೆದಿದ್ದ. ಮುತ್ತಜ್ಜಿ ಅಂಕೋಲೆ, ದೊಡ್ಡಜ್ಜಿ ಶಿರಸಿ. 'ಮೂಲ ಊರು' ಎಂಬ ಮಾತಿಗೆ ನಮ್ಮಲ್ಲಿ ಮನೆದೇವರು ಇರುವ ಊರು, ಹಿಂದಿನವರ ಆಸ್ತಿ ಇದ್ದ ಊರು ಎಂಬ ಅರ್ಥವಿದೆ. ಆ ಅರ್ಥದಲ್ಲಿ ಗಂಡಸರಿಗೆ ಅದು ಹೊಂದುತ್ತದೆ. ಹೆಂಗಸರಿಗೆ ಹಾಗೆ ಬರೆದರೆ ಅವರು ಬಂದ ದಾರಿಯೇ ಅಳಿಸಿಹೋಗುತ್ತದೆ. ಮನೆಯ ಮಾತಿನಲ್ಲಿ ಅದು ಅಳಿಸಿಹೋಗಿರಲಿಲ್ಲ. ಮುತ್ತಜ್ಜಿಯನ್ನು ಅಂಕೋಲೆಯ ಕೇರಿಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವಳು ಎಲ್ಲರಿಗೂ 'ಸೂಪಾದವಳು', ವಯಸ್ಸಾದ ಮೇಲೆ 'ಸೂಪಾ ಅಜ್ಜಿ'. ಅರವತ್ತು ವರ್ಷ ಅಂಕೋಲೆಯಲ್ಲೇ ಬಾಳಿದರೂ ಅವಳ ಹೆಸರಾಗಿ ನಿಂತದ್ದು ತವರಿನ ಹೆಸರು.

ಹಾಗಾಗಿ ಆ ಕಾಲಮ್ಮನ್ನು ಎರಡು ಮಾಡಿದೆವು: ಹುಟ್ಟಿದ ಊರು, ಬಾಳಿದ ಊರು. ಎರಡು ಮಾಡಿದ ಕೂಡಲೇ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುತ್ತಿತ್ತು. ಅಂದರೆ ಪ್ರತಿ ಮನೆಯ ಮೊದಲ ಮಗು ಹುಟ್ಟಿದ ಊರು ಅಪ್ಪನದಲ್ಲ, ತಾಯಿಯದು. ದೊಡ್ಡಜ್ಜಿ ಮುತ್ತಜ್ಜಿಯ ಚೊಚ್ಚಲ ಮಗು, ಅವಳು ಹುಟ್ಟಿದ್ದು ಸೂಪಾದಲ್ಲಿ. ಚಿಕ್ಕಜ್ಜಿ ದೊಡ್ಡಜ್ಜಿಯ ಚೊಚ್ಚಲು, ಅವಳು ಹುಟ್ಟಿದ್ದು ಶಿರಸಿಯಲ್ಲಲ್ಲ, ಅಂಕೋಲೆಯ ನಮ್ಮ ಮನೆಯಲ್ಲಿ. ಕೇಳಿದೆ. "ಹೌದು, ನಡುಮನೆಯ ಬಲಗಡೆಯ ಕತ್ತಲೆ ಕೋಣೆ. ಅಲ್ಲೇ ಹುಟ್ಟಿದೆ, ಅದೇ ಮನೆಗೆ ಮದುವೆಯಾಗಿ ಬಂದೆ, ಅದೇ ಕೋಣೆಯಲ್ಲಿ ನನ್ನ ಬಾಣಂತನವೂ ಆಯಿತು. ತವರು ಯಾವುದು, ಗಂಡನ ಮನೆ ಯಾವುದು ಎಂದು ನನ್ನನ್ನು ಕೇಳಬೇಡ," ಎಂದಳು. ಆ ಕೋಣೆಯಲ್ಲಿ ಈಗ ಅಣ್ಣ ತೆಂಗಿನಕಾಯಿ ರಾಶಿ ಹಾಕಿದ್ದಾನೆ. ಚಿಕ್ಕದೊಂದು ಗವಾಕ್ಷಿ, ಮೂಲೆಯಲ್ಲಿ ಬಿಸಿನೀರಿನ ಹಂಡೆ ಇಡುತ್ತಿದ್ದ ಕಲ್ಲು, ಅದರ ಮೇಲಿನ ಗೋಡೆಯಲ್ಲಿ ಇನ್ನೂ ಹೋಗದ ಮಸಿ.

ಈಗ ಆ ಸಾಲುಗಳು ಹೀಗಿವೆ. ಸಂಖ್ಯೆಗಳ ಕಾಲಮ್ಮುಗಳನ್ನು ಇಲ್ಲಿ ಬಿಟ್ಟಿದ್ದೇನೆ.

| ತಲೆಮಾರು | ನಮಗೆ ಸಂಬಂಧ | ಹುಟ್ಟಿದ ವರ್ಷ | ಹುಟ್ಟಿದ ಊರು | ಬಾಳಿದ ಊರು | ಆಧಾರ |
|---|---|---|---|---|---|
| 1 | ಮುತ್ತಜ್ಜಿ | 1901 | ಸೂಪಾ | ಅಂಕೋಲೆ | ಕುಂಡಲಿ, ಗ್ರಹಣದ ನೆನಪು |
| 2 | ದೊಡ್ಡಜ್ಜಿ | 1919 | ಸೂಪಾ | ಶಿರಸಿ | ಜಾತಕ |
| 2 | ಚಿಕ್ಕಜ್ಜ | ಸುಮಾರು 1927 | ಅಂಕೋಲೆ | ಅಂಕೋಲೆ | ಶಾಲೆಯ ದಾಖಲೆ |
| 3 | ಚಿಕ್ಕಜ್ಜಿ | 1938 | ಅಂಕೋಲೆ | ಅಂಕೋಲೆ | ಜಾತಕ, ಸ್ವಂತ ಮಾತು |

ಸೂಪಾ ಎಂದು ಬರೆದದ್ದಕ್ಕೆ ಅಣ್ಣ ಮೊದಲು ಒಪ್ಪಲಿಲ್ಲ. "ಅಂಥ ಊರೇ ಇಲ್ಲವಲ್ಲ, ಮಕ್ಕಳು ನಕ್ಷೆಯಲ್ಲಿ ಹುಡುಕಿದರೆ ಅಣೆಕಟ್ಟು ಸಿಗುತ್ತದೆ. ಜೋಯಿಡಾ ಎಂದು ಬರೆಯೋಣ," ಎಂದ. ಅವನ ಮಾತಿನಲ್ಲಿ ಅರ್ಥವಿದೆ. ಗಣೇಶಗುಡಿಯಲ್ಲಿ ಕಾಳಿ ನದಿಗೆ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯಿತು. ಅದರ ಹಿನ್ನೀರಿನಲ್ಲಿ ಸೂಪಾ ಪೇಟೆ ಮುಳುಗಿತು, ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಹೋದವು. ಊರಿನ ಹೆಸರು ಉಳಿದದ್ದು ಅದನ್ನು ಮುಳುಗಿಸಿದ ಅಣೆಕಟ್ಟಿಗೆ. ಆದರೆ ಜೋಯಿಡಾ ಬೇರೆ ಊರು, ಆಗಲೂ ಇತ್ತು, ಈಗಲೂ ಇದೆ. ಮುತ್ತಜ್ಜಿ ಅಲ್ಲಿ ಹುಟ್ಟಿದವಳಲ್ಲ. ಊರು ಇಲ್ಲವಾದರೂ ಅವಳು ಹುಟ್ಟುವಾಗ ಇದ್ದ ಹೆಸರನ್ನೇ ಬರೆಯಬೇಕು, ಬೇಕಿದ್ದರೆ ಪಕ್ಕದಲ್ಲಿ 'ಮುಳುಗಡೆ, ಈಗಿನ ಜೋಯಿಡಾ ತಾಲ್ಲೂಕು' ಎಂದು ಸೇರಿಸಬಹುದು ಎಂದು ನಾನು ಹಟ ಹಿಡಿದೆ. ಕೊನೆಗೆ ಚಿಕ್ಕಜ್ಜಿಯನ್ನೇ ಕೇಳಿದೆವು. "ಅವಳನ್ನು ಜೋಯಿಡಾ ಅಜ್ಜಿ ಎಂದು ಯಾರು ಕರೆದಿದ್ದರು?" ಎಂದಷ್ಟೇ ಹೇಳಿದಳು. ನೀರು ನಿಲ್ಲುವ ಮೊದಲೇ ಮುತ್ತಜ್ಜಿ ತೀರಿಕೊಂಡಿದ್ದಳು. ನಾನು ಈಗ ಇರುವ ಕೋಡಿಬಾಗದಿಂದ ಕಾಳಿ ಸಮುದ್ರ ಸೇರುವುದು ಕಾಣುತ್ತದೆ. ಸೂಪಾದಲ್ಲಿ ನಿಂತ ನೀರು ನಾಗಝರಿ, ಕೊಡಸಳ್ಳಿ, ಕದ್ರಾ ಎಂದು ಒಂದೊಂದೇ ವಿದ್ಯುದಾಗಾರ ದಾಟಿ ಇಲ್ಲಿಗೆ ಬರುತ್ತದೆ. ಮೊದಲೂ ದಿನಾ ನೋಡುತ್ತಿದ್ದ ನದಿಯೇ, ಈಗ ನೋಡುವಾಗ ಬೇರೆ ಅನಿಸುತ್ತದೆ.

ಮುತ್ತಜ್ಜಿಯ ಸಾಲು ಸರಿಯಾದ ಮೇಲೆ ಅದರ ಮೇಲೊಂದು ಸಾಲು ಬೇಕೆನಿಸಿತು, ಅವಳ ಆಯಿಯದು. ಜಾತಕದಲ್ಲಿ ತಂದೆಯ ಹೆಸರಿದೆ, ತಾಯಿಯದಿಲ್ಲ. ಸಿಕ್ಕಿದ್ದು ಅಜ್ಜನ ತರ್ಪಣದ ಪುಸ್ತಕದಲ್ಲಿ. ಮಹಾಲಯ ಪಕ್ಷದ ತರ್ಪಣದಲ್ಲಿ ತಂದೆಯ ಕಡೆಯ ಮೂರು ತಲೆಮಾರಿನ ಗಂಡಸರು, ಹೆಂಗಸರು, ಆಮೇಲೆ ತಾಯಿಯ ಕಡೆಯವರು ಎಂದು ಸಾಲಾಗಿ ಹೆಸರು ಹೇಳುತ್ತಾರೆ. ಅಜ್ಜ ಅದನ್ನು ತನ್ನ ಕೈಬರಹದಲ್ಲಿ ಬರೆದಿಟ್ಟುಕೊಂಡಿದ್ದ. ಅಲ್ಲಿ 'ಮಾತಾಮಹಿ' ಎಂಬುದರ ಮುಂದೆ ಒಂದು ಹೆಸರು. ಅಜ್ಜನ ತಾಯಿಯ ತಾಯಿ, ಎಂದರೆ ಅವಳೇ. ಅಪ್ಪನ ಪುಸ್ತಕದಲ್ಲಿ ಆ ಜಾಗದಲ್ಲಿ ಬೇರೆ ಹೆಸರು, ಅಪ್ಪನಿಗೆ ಅವನ ತಾಯಿಯ ತಾಯಿ. ಅಪ್ಪನ ಪಾಲಿಗೆ ಮುತ್ತಜ್ಜಿ ತಂದೆಯ ಸಾಲಿನಲ್ಲಿ ಪಿತಾಮಹಿಯಾಗಿ ಬರುತ್ತಾಳೆ, ಅವಳ ಆಯಿಗೆ ಆ ಸಾಲಿನಲ್ಲಿ ಜಾಗವಿಲ್ಲ. ಅಜ್ಜ ತೀರಿಕೊಂಡ ಮೇಲೆ ನಮ್ಮ ಮನೆಯಲ್ಲಿ ಆ ಹೆಸರನ್ನು ಯಾರೂ ಉಚ್ಚರಿಸಿರಲಿಲ್ಲ.

ವರ್ಷಕ್ಕೆ ಮತ್ತೆ ಕಳೆಯುವ ಲೆಕ್ಕವನ್ನೇ ಹಾಕಿದೆ. ಮಗಳು 1901ರವಳು, ಆದ್ದರಿಂದ ತಾಯಿ 1856ರಿಂದ 1886ರ ನಡುವೆ ಎಲ್ಲೋ. ಅಷ್ಟನ್ನೇ ಬರೆದೆ. ಬಾಳಿದ ಊರು ಸೂಪಾ. ಹುಟ್ಟಿದ ಊರಿಗಾಗಿ ಚಿಕ್ಕಜ್ಜಿಗೆ ಫೋನ್ ಮಾಡಿದೆ. ತುಂಬ ಹೊತ್ತು ಮಾತಿಲ್ಲ. ಕೇಳಿಸಲಿಲ್ಲವೇನೋ ಎಂದು ಮತ್ತೆ ಕೇಳಲು ಹೊರಟಾಗ ಅವಳೇ ಹೇಳಿದಳು. "ಅಜ್ಜಿ ಅವಳ ಆಯಿಯ ತವರಿಗೆ ದೋಣಿಯಲ್ಲಿ ಹೊಳೆ ದಾಟಿ ಹೋಗುತ್ತಿದ್ದೆವು ಎನ್ನುತ್ತಿದ್ದಳು. ಊರಿನ ಹೆಸರೂ ಹೇಳಿದ್ದಳು ತಮಾ. ನಾನು ಆಗ ಸಣ್ಣವಳು, ದೋಣಿಯ ಕತೆಯನ್ನಷ್ಟೇ ಕೇಳಿಸಿಕೊಂಡೆ."

ಆ ಮನೆಯಲ್ಲಿ 'ಹೊಳೆಯಾಚೆ' ಎಂದು ಬರೆದಿದ್ದೇನೆ. ಆಧಾರದ ಕಾಲಮ್ಮಿನಲ್ಲಿ, ಚಿಕ್ಕಜ್ಜಿಯ ಮಾತು.